ಕಟಿಂಗ್ ಕೆಟ್ಟು ಗಿರಾಕಿ ವಾಪಸ್ ಬಂದರೆ: ಅಂಗಡಿಗೆ ನಿಯಮ ಮಾಡಿಕೊಳ್ಳುವುದು ಹೇಗೆ?

ರಾಯಚೂರಿನಲ್ಲಿ ನನ್ನದು ಮೂರು ಕುರ್ಚಿಯ ಸಲೂನ್. ಕಟಿಂಗ್ ಒಮ್ಮೆಯೂ ಕೆಡದ ಅಂಗಡಿ ನಾನು ನೋಡಿಲ್ಲ. ಕೆಟ್ಟಾಗ ಎಲ್ಲರೂ ಮಾಡುವ ತಪ್ಪು ಮಾತ್ರ ಒಂದೇ. ಗಿರಾಕಿ ಸಿಟ್ಟಾಗಿ ವಾಪಸ್ ಬಂದ ಕೂಡಲೇ ಮತ್ತೆ ಮಶಿನ್ ಹಿಡಿಯುತ್ತಾರೆ. ಗೋಡೆ ಮೇಲೆ ‘ಫ್ರೀ ಕರೆಕ್ಷನ್’ ಅಂತ ಎರಡೇ ಪದ ಬರೆದರೆ ಆಗುವುದೂ ಇದೇ.

1. ಮೊದಲ ಕೂದಲು ಬೀಳುವ ಮುಂಚೆಯೇ ನಿಯಮ ಶುರುವಾಗಲಿ. ‘ಸೈಡ್ ಮೂರು ನಂಬರ್, ಮೇಲೆ ಕತ್ತರಿ, ಸರಿನಾ ಅಣ್ಣಾ?’ ಅಂತ ಬಾಯಿಬಿಟ್ಟು ಕೇಳಿ. ಗಿರಾಕಿ ಹೂಂ ಅನ್ನಲಿ. ಅಷ್ಟು ಸಾಕು.

2. ವಾಪಸ್ ಬಂದವರ ಕೂದಲು ಒದ್ದೆ ಮಾಡಿ, ನೇರವಾಗಿ ಬಾಚಿ, ಎರಡೂ ಬದಿಯನ್ನು ಬೆರಳಲ್ಲಿ ಹಿಡಿದು ಅಳೆಯಿರಿ. ಉದ್ದ ಸಮ ಇದ್ದೂ ಒಂದು ಕಡೆ ಎದ್ದು ನಿಂತರೆ ಅದು ಸುಳಿ, ನಿಮ್ಮ ತಪ್ಪಲ್ಲ. ಸುಳಿಯನ್ನು ಕತ್ತರಿಸಿ ಕೂರಿಸಲು ಹೋಗಬೇಡಿ, ಗಿಡ್ಡ ಮಾಡಿದಷ್ಟೂ ಜಾಸ್ತಿ ಏಳುತ್ತದೆ. ಗುಂಗುರು ಕೂದಲಾದರೆ ಒಣಗಿಸಿಯೂ ಒಮ್ಮೆ ನೋಡಿ. ಒಣಗಿದ ಮೇಲೆ ಅದು ಮೇಲೆ ಸರಿಯುತ್ತದೆ. ಒದ್ದೆಯಲ್ಲಿ ಕತ್ತರಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ತಪ್ಪು ನಿಮ್ಮದೇ.

3. ಈಗ ಕಷ್ಟದ ಭಾಗ. ಎಲ್ಲೋ ಉದ್ದ ಉಳಿದಿದೆಯೋ, ಎಲ್ಲೋ ಗಿಡ್ಡ ಆಗಿದೆಯೋ? ಉದ್ದ ಉಳಿದಿದ್ದರೆ ಐದು ನಿಮಿಷದ ಕೆಲಸ. ಗಿಡ್ಡ ಆಗಿದ್ದರೆ ಕತ್ತರಿ ಕೆಳಗಿಡಿ, ಮೊದಲು ಮಾತಾಡಿ.

ನಮ್ಮಲ್ಲೇ ಆಗಿದ್ದು ಹೇಳುತ್ತೇನೆ. ಹುಡುಗ ಮೂರು ನಂಬರ್ ಗಾರ್ಡ್ ಹಾಕಿ ಬಲಕಿವಿ ಮೇಲೆ ಓಡಿಸುತ್ತಿದ್ದ. ಅಗ್ಗದ ಗಾರ್ಡ್, ಕ್ಲಿಪ್ ಸಡಿಲ. ಅದು ಜಾರಿ, ಬೆರಳಗಲ ಪಟ್ಟಿಯೊಂದು ಒಂದನೇ ನಂಬರಿನ ಮಟ್ಟಕ್ಕೆ ಇಳಿಯಿತು. (ಇಂಥ ಗಾರ್ಡ್ ಕೊಂಡು ಉಳಿಸುವ ದುಡ್ಡು ಒಂದೇ ದಿನದಲ್ಲಿ ಹೋಗುತ್ತದೆ. ಬೇಡ.) ಮೂರು ನಂಬರ್ ಅಂದರೆ ಸುಮಾರು 10 ಮಿಲಿಮೀಟರ್, ಒಂದು ನಂಬರ್ ಅಂದರೆ 3. ಅಲ್ಲಿಗೆ ಏಳರ ಹಳ್ಳ.

ಗಿರಾಕಿಗೆ ದಾರಿ ಎರಡೇ ಇದ್ದವು. ಎರಡೂ ಬದಿಯನ್ನು ಕೆಳಗೆ ಒಂದಕ್ಕೆ ಇಳಿಸಿ, ಮೇಲಕ್ಕೆ ಹೋಗುತ್ತ ಎರಡು, ಮೂರು ಮಾಡಿ ಫೇಡ್‌ನಲ್ಲಿ ಮುಚ್ಚುವುದು ಒಂದು. ಇನ್ನೊಂದು, ಅಂಚನ್ನಷ್ಟೇ ಥಿನ್ನಿಂಗ್ ಕತ್ತರಿಯಿಂದ ಮೆತ್ತಗೆ ಮಾಡಿ ಬಿಡುವುದು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ ಬೆಳೆಯುತ್ತದೆ. ಹಳ್ಳ 10 ಮಿಲಿಮೀಟರ್ ಮುಟ್ಟಲು ಸುಮಾರು ಇಪ್ಪತ್ತು ದಿನ ಬೇಕು. ಆದರೆ ಸುತ್ತಲಿನದೂ ಅಷ್ಟೇ ಬೆಳೆದಿರುತ್ತದಲ್ಲ! ಸುಮ್ನೆ ಕಾದರೆ ಹಳ್ಳ ತುಂಬುವುದಿಲ್ಲ. ಇಪ್ಪತ್ತನೇ ದಿನ ಕರೆದು ಮತ್ತೆ ಮೂರು ನಂಬರ್ ಓಡಿಸಿದರೆ ಮಾತ್ರ ಸಮ ಆಗುತ್ತದೆ. ಅದಕ್ಕೇ ಆ ಎರಡನೇ ಕಟಿಂಗೂ ಫ್ರೀ ಅಂತ ನಿಯಮದಲ್ಲೇ ಬರೆಯಿರಿ. ಬಹಳ ಜನ ಬಿಡುವುದು ಇದನ್ನೇ.

ಆ ಗಿರಾಕಿ, ‘ಮನ್ಯಾಗ ಮದುವಿ ಐತ್ರಿ, ಇನ್ನೂ ಗಿಡ್ಡ ಬ್ಯಾಡ’ ಅಂದರು. ಎರಡನೇ ದಾರಿಯೇ ಆಯಿತು. ಹಳ್ಳಕ್ಕೆ ಕಪ್ಪು ಪುಡಿ ಉದುರಿಸಿ ಕಳಿಸುವವರೂ ಇದ್ದಾರೆ. ನಮ್ಮ ಬಿಸಿಲಿಗೆ ಅದು ಬೆವರಿನ ಜೊತೆ ಕಾಲರಿಗೆ ಇಳಿಯುತ್ತದೆ.

4. ಫ್ರೀಯಾಗಿ ಸರಿ ಮಾಡಿಕೊಡುವುದಕ್ಕೆ ಮಿತಿ. ಏಳು ದಿನ, ಒಂದೇ ಸಲ, ಮೊದಲು ಮಾತಾಡಿದ ಕಟಿಂಗಿಗೆ ಮಾತ್ರ. ಗಿಡ್ಡ ಆದವರಿಗೆ ಕೊಡುವ ಇಪ್ಪತ್ತನೇ ದಿನದ ಕಟಿಂಗ್ ಇದಕ್ಕೆ ಸೇರಿಲ್ಲ. ವಾರ ದಾಟಿದರೆ ಕೂದಲು ಎರಡು-ಮೂರು ಮಿಲಿಮೀಟರ್ ಬೆಳೆದು, ತಪ್ಪು ಯಾವುದು, ಬೆಳೆದದ್ದು ಯಾವುದು ಗೊತ್ತಾಗುವುದಿಲ್ಲ. ಏಳನೇ ದಿನ ಮಂಗಳವಾರ ಬಿದ್ದರೆ ಬುಧವಾರವೂ ನಡೆಯಲಿ. ಅಂಗಡಿ ಮುಚ್ಚಿದ್ದು ನಾವು. ನಡುವೆ ಬೇರೆ ಅಂಗಡಿಯಲ್ಲಿ ಕೈ ಹಾಕಿಸಿದ್ದರೆ ಫ್ರೀ ಇಲ್ಲ. ‘ಮನೆಯವರಿಗೆ ಇಷ್ಟ ಆಗಲಿಲ್ಲ’ ಅಂತ ಹೊಸ ಸ್ಟೈಲ್ ಕೇಳಿದರೆ ನಾನು ಅರ್ಧ ರೇಟ್ ತೆಗೆದುಕೊಳ್ಳುತ್ತೇನೆ.

5. ದುಡ್ಡು ವಾಪಸ್ ಯಾವಾಗ? ತಪ್ಪು ನಮ್ಮದು, ಕತ್ತರಿಯಿಂದ ಸರಿಹೋಗುವುದಿಲ್ಲ ಅಂದಾಗ. 120 ರೂಪಾಯಿ ಕಟಿಂಗಾದರೆ 120 ಕೊಡಿ. ಫೇಶಿಯಲ್, ಫೋಟೋ, ಮದುವೆ ಕೆಟ್ಟಿತು ಅನ್ನುವ ಲೆಕ್ಕಕ್ಕೆ ಇಳಿಯಬೇಡಿ. ಆ ದುಡ್ಡನ್ನು ಹುಡುಗನ ಕಮಿಷನ್‌ನಲ್ಲಿ ಮುರಿದುಕೊಳ್ಳುವುದೂ ಬೇಡ. ಮುರಿದರೆ ಮುಂದಿನ ಸಲ ಅವನು ಹಳ್ಳವನ್ನು ಬಾಚಿ ಮುಚ್ಚಿ ಕಳಿಸುತ್ತಾನೆ. ಸರಿ ಮಾಡುವ ಕೆಲಸ ಇನ್ನೊಬ್ಬ ಮಾಡಲಿ, ಅವನ ಪಾಲನ್ನು ಅಂಗಡಿ ಕೊಡಲಿ. ತಪ್ಪು ಮಾಡಿದವನ ಕೈಗೆ ಅದೇ ತಲೆ ಮತ್ತೆ ಕೊಟ್ಟರೆ ಇಬ್ಬರೂ ಹೆದರಿಕೊಂಡೇ ಕೂರುತ್ತಾರೆ.

6. ಇಷ್ಟನ್ನೂ ನಾಲ್ಕು ಸಾಲಲ್ಲಿ ಬರೆದು ಕನ್ನಡಿ ಪಕ್ಕಕ್ಕೆ ಅಂಟಿಸಿ. ನಾನು ಮೊದಲು ಹಿಂದಿನ ಗೋಡೆಗೆ ಹಾಕಿದ್ದೆ. ಕುರ್ಚಿಯಲ್ಲಿ ಕೂತವರಿಗೆ ಅಕ್ಷರವೆಲ್ಲ ಉಲ್ಟಾ ಕಾಣುತ್ತಿತ್ತು.