ಹೃದಯ ಖಾಲಿಯಾದಾಗ ದುಡ್ಡು ಕಟ್ಟಬೇಕೆ? ನಾವು ಫ್ಯಾಮಿಲಿ ಪ್ಲಾನ್‌ಗೆ ಹೋದ ಬಗೆ

ಫೋನಿನ ಭಾಷಾ ಕಲಿಕೆಯ ಆಪ್‌ನಲ್ಲಿ ಜರ್ಮನ್ ಕಲಿಯಲು ಶುರುಮಾಡಿ ಮೂರನೇ ತಿಂಗಳು. ‘ನಾಯಿಯ ಜೊತೆ’ ಅನ್ನುವುದಕ್ಕೆ ನಾನು ‘ಮಿಟ್ ಡೇನ್ ಹುಂಟ್’ ಅಂತ ಬರೆದೆ. ಆಪ್ ಕೆಂಪು ಪಟ್ಟಿ ತೋರಿಸಿ, ತಪ್ಪಿಗೊಂದರಂತೆ ಕಳೆಯುವ ಹೃದಯಗಳಲ್ಲಿ ಒಂದನ್ನು ಕಳೆಯಿತು. ‘ಮಿಟ್’ ಬಂದರೆ ಅದರ ಹಿಂದೆಯೇ ‘ಡೇಮ್’ ಬರಬೇಕು ಅನ್ನುವುದು ಗೊತ್ತಿತ್ತು, ಕೈಗೆ ಮಾತ್ರ ಇನ್ನೂ ರೂಢಿಯಾಗಿರಲಿಲ್ಲ. ಅದೇ ಪಾಠದಲ್ಲಿ ಅದೇ ತಪ್ಪನ್ನು ಇನ್ನೂ ಮೂರು ಸಲ ಮಾಡಿದೆ. ಮುಂದಿನ ಪಾಠದ ಮೊದಲ ತಪ್ಪಿಗೆ ಉಳಿದಿದ್ದ ಒಂದು ಹೃದಯವೂ ಹೋಯಿತು, ಪಾಠ ಅಲ್ಲಿಗೇ ನಿಂತಿತು.

ಆ ಗಳಿಗೆಯಲ್ಲೇ, ಹೃದಯದ ಮಿತಿ ಬೇಡವಾದರೆ ಚಂದಾ ಕೊಳ್ಳಿ ಅನ್ನುವ ಪರದೆ ಬರುತ್ತದೆ. ನಾನು ಆಗ ಕೊಳ್ಳಲಿಲ್ಲ, ಒಂದು ವಾರ ಲೆಕ್ಕ ಬರೆದಿಟ್ಟೆ. ನಾವು ಬಳಸುತ್ತಿದ್ದ ಆಪ್‌ನ ಉಚಿತ ಮಟ್ಟದಲ್ಲಿ ಐದು ಹೃದಯ, ಒಂದು ಪಾಠದಲ್ಲಿ ಸುಮಾರು ಹದಿನೈದು ಪ್ರಶ್ನೆ. ಹೊಸ ವ್ಯಾಕರಣ ಬಂದ ಪಾಠದಲ್ಲಿ ನನಗೆ ಸರಾಸರಿ ನಾಲ್ಕು ತಪ್ಪು, ಅಂದರೆ ದಿನಕ್ಕೆ ಒಂದು ಹೊಸ ಪಾಠವಷ್ಟೇ ನೆಟ್ಟಗೆ ಮುಗಿಯುತ್ತಿತ್ತು. ಹಳೇ ಪಾಠ ಮತ್ತೆ ಮಾಡಿದರೆ ಒಂದೇ ಒಂದು ತಪ್ಪು, ಕೆಲವೊಮ್ಮೆ ಅದೂ ಇಲ್ಲ. ಕಳೆದ ಹೃದಯ ತಾನಾಗಿ ತುಂಬಿಕೊಳ್ಳಲು ಗಂಟೆಗಟ್ಟಲೆ ಬೇಕು, ಅಭ್ಯಾಸದ ಪಾಠ ಮಾಡಿದರೆ ಬೇಗ ಒಂದು ಸಿಗುತ್ತದೆ.

ವಾರದ ಕೊನೆಗೆ ಪುಸ್ತಕ ನೋಡಿದಾಗ ನನಗೆ ನಿಜವಾಗಿ ಬೇಸರವಾದದ್ದು ಬೇರೆ ಕಾರಣಕ್ಕೆ. ಹೃದಯ ಉಳಿಸಿಕೊಳ್ಳಲು ನಾನು ಕಷ್ಟದ ಪಾಠ ಬಿಟ್ಟು ಸುಲಭದ್ದನ್ನೇ ತಿರುಗಾಮುರುಗಾ ಮಾಡುತ್ತಿದ್ದೆ. ಏಳು ದಿನದಲ್ಲಿ ಹೊಸ ಪಾಠ ಆದದ್ದು ನಾಲ್ಕೇ. ಮಗಳದು ಸ್ಪ್ಯಾನಿಷ್, ಅವಳು ದಿನಕ್ಕೆ ಹತ್ತು ನಿಮಿಷ ಮಾಡುವವಳು, ಹೃದಯ ಖಾಲಿಯಾದದ್ದು ವಾರದಲ್ಲಿ ಒಂದೇ ಸಲ. ಅವಳ ಮಟ್ಟಿಗೆ ಉಚಿತವೇ ಸಾಕಿತ್ತು, ನನಗೆ ಸಾಲುತ್ತಿರಲಿಲ್ಲ. ಮಿತಿ ಎಷ್ಟು ಅನ್ನುವುದಕ್ಕಿಂತ, ಮಿತಿ ನಮ್ಮನ್ನು ಯಾವ ಪಾಠದಿಂದ ದೂರ ಇಡುತ್ತಿದೆ ಅಂತ ನೋಡಿಕೊಂಡರೆ ದುಡ್ಡು ಕಟ್ಟಬೇಕೋ ಬೇಡವೋ ಗೊತ್ತಾಗುತ್ತದೆ.

ಎಲ್ಲ ಆಪ್‌ಗಳಲ್ಲೂ ಈ ಹೃದಯದ ಪದ್ಧತಿ ಇಲ್ಲ. ಡ್ಯುವೋಲಿಂಗೋ 2025ರಲ್ಲಿ ಹೃದಯದ ಜಾಗಕ್ಕೆ ‘ಎನರ್ಜಿ’ ತರಲು ಶುರುಮಾಡಿತು. ಅದರಲ್ಲಿ ಉತ್ತರ ಸರಿಯಿದ್ದರೂ ತಪ್ಪಿದ್ದರೂ ಪ್ರಶ್ನೆಗಿಷ್ಟು ಅಂತ ಎನರ್ಜಿ ಕಳೆಯುತ್ತದೆ, ಸತತವಾಗಿ ಸರಿ ಉತ್ತರ ಕೊಟ್ಟರೆ ಸ್ವಲ್ಪ ವಾಪಸ್ ಬರುತ್ತದೆ. ಹಾಗಿರುವ ಕಡೆ ತಪ್ಪು ಎಣಿಸಿ ಉಪಯೋಗವಿಲ್ಲ, ದಿನಕ್ಕೆ ಎಷ್ಟು ಪ್ರಶ್ನೆ ಮಾಡುತ್ತೇವೆ ಅಂತ ಎಣಿಸಬೇಕು.

ಚಂದಾ ಕಟ್ಟಿದವರಿಗೆ ಸಿಗುವ ಆಫ್‌ಲೈನ್ ಪಾಠದ ವಿಷಯಕ್ಕೆ ಬರುತ್ತೇನೆ. ನನ್ನ ಗಂಡ ಜಪಾನೀಸ್ ಕಲಿಯುವುದು ಪ್ರಯಾಣದಲ್ಲಿ ಮಾತ್ರ, ಅಲ್ಲಿ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಅವರಿಗೆ ಬೇಕಿದ್ದದ್ದೇ ಇದು. ‘ಆಫ್‌ಲೈನ್ ಇದೆ’ ಅನ್ನುವ ಒಂದು ಸಾಲು ನಂಬಿ ಕೊಳ್ಳುವ ಬದಲು, ಉಚಿತ ಪ್ರಯೋಗದ ವಾರದಲ್ಲೇ ಮನೆಯಲ್ಲಿ ಕೂತು ಪರೀಕ್ಷೆ ಮಾಡಿದೆವು. ವೈಫೈನಲ್ಲಿ ಪಾಠ ಇಳಿಸಿಕೊಂಡು, ಆಪ್ ಪೂರ್ತಿ ಮುಚ್ಚಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಮತ್ತೆ ತೆರೆದೆವು. ಇಳಿದದ್ದು ಮುಂದಿನ ಕೆಲವು ಪಾಠಗಳಷ್ಟೇ, ಇಡೀ ಕೋರ್ಸ್ ಅಲ್ಲ. ಓದುವುದು, ಹೊಂದಿಸುವುದು, ಕೇಳಿಸಿಕೊಂಡು ಬರೆಯುವುದು ಎಲ್ಲ ನಡೆಯಿತು. ಮೈಕ್ ಒತ್ತಿ ಮಾತಾಡುವ ಪ್ರಶ್ನೆ ಬಂದಾಗ ಮಾತ್ರ ಚಕ್ರ ತಿರುಗುತ್ತಲೇ ಇತ್ತು, ಏಕೆಂದರೆ ಈ ಆಪ್‌ನಲ್ಲಿ ನಮ್ಮ ದನಿಯನ್ನು ಗುರುತಿಸುವ ಕೆಲಸಕ್ಕೆ ನೆಟ್ ಬೇಕು. ಆವತ್ತಿನಿಂದ ಅವರು ಪ್ರಯಾಣದಲ್ಲಿ ಮಾತಿನ ಪ್ರಶ್ನೆ ಆಫ್ ಮಾಡಿಡುತ್ತಾರೆ.

ಇನ್ನೊಂದು ಸಂಗತಿ ತಡವಾಗಿ ತಿಳಿಯಿತು. ಆಫ್‌ಲೈನ್‌ನಲ್ಲಿ ಮಾಡಿದ ಪಾಠ ಫೋನಿನಲ್ಲೇ ಕಾಯುತ್ತಿರುತ್ತದೆ, ನೆಟ್ ಸಿಕ್ಕಿ ಆಪ್ ತೆರೆದಾಗಲೇ ಖಾತೆಗೆ ಸೇರುವುದು. ಅದಕ್ಕೆ ಮುಂಚೆ ಲಾಗ್‌ಔಟ್ ಮಾಡಿದರೆ, ಅಥವಾ ಜಾಗ ಖಾಲಿ ಮಾಡಲು ಆಪ್‌ನ ಡೇಟಾ ಅಳಿಸಿದರೆ, ಇಳಿಸಿಕೊಂಡ ಪಾಠದ ಜೊತೆ ಮಾಡಿದ ಕೆಲಸವೂ ಹೋಗುತ್ತದೆ. ನನ್ನ ಗಂಡನ ಎರಡು ದಿನದ ಪಾಠ ಹಾಗೇ ಹೋಯಿತು.

ಇಷ್ಟೆಲ್ಲ ಆದಮೇಲೆ ಲೆಕ್ಕ ಹಾಕಿದೆವು. ನನಗೆ ಮಿತಿ ಬೇಡ, ಇವರಿಗೆ ಆಫ್‌ಲೈನ್ ಬೇಕು, ಬೇರೆ ಮನೆಯಲ್ಲಿರುವ ನನ್ನ ತಮ್ಮ ಫ್ರೆಂಚ್‌ಗೆ ಅದಾಗಲೇ ಒಬ್ಬನೇ ಚಂದಾ ಕಟ್ಟುತ್ತಿದ್ದ. ನಮ್ಮ ಆಪ್‌ನಲ್ಲಿ ಫ್ಯಾಮಿಲಿ ಪ್ಲಾನ್ ಎರಡು ಒಂಟಿ ಪ್ಲಾನ್‌ಗಳಿಗಿಂತ ಸ್ವಲ್ಪ ಕಡಿಮೆಗೆ ಸಿಗುತ್ತಿತ್ತು. ಮೂರು ಜನ ನಿಜವಾಗಿ ಬಳಸುವುದಾದರೆ ಒಳ್ಳೇ ಲಾಭ. ಮಗಳಿಗೆ ಅದರಲ್ಲೇ ಆಯಿತು. ಎಷ್ಟು ಜನ ಸೇರಬಹುದು ಅನ್ನುವುದು ಆಯಾ ಆಪ್‌ಗೆ ಬಿಟ್ಟದ್ದು, ಡ್ಯುವೋಲಿಂಗೋದಲ್ಲಿ ಕೊಂಡವರೂ ಸೇರಿ ಆರು ಜನ. ಕೆಲವು ಚಂದಾಗಳಲ್ಲಿ ಒಂದೇ ಮನೆಯವರಾಗಿರಬೇಕು ಅನ್ನುವ ನಿಯಮ ಇರುತ್ತದೆ. ನಮ್ಮದರಲ್ಲಿ ಇರಲಿಲ್ಲ, ಹಾಗಾಗಿ ತಮ್ಮನನ್ನೂ ಸೇರಿಸಿಕೊಂಡೆವು.

ಫೋನಿನಲ್ಲಿ ಅದಾಗಲೇ ಫ್ಯಾಮಿಲಿ ಗ್ರೂಪ್ ಇತ್ತಲ್ಲ, ತಾನಾಗಿಯೇ ಎಲ್ಲರಿಗೂ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಆಪ್ ಸ್ಟೋರ್‌ನ ಫ್ಯಾಮಿಲಿ ಗ್ರೂಪ್ ಬೇರೆ, ಆಪ್‌ನವರ ಫ್ಯಾಮಿಲಿ ಪ್ಲಾನ್ ಬೇರೆ. ಕೊಂಡವರು ಆಪ್‌ನ ಒಳಗಿಂದ ಆಹ್ವಾನದ ಲಿಂಕ್ ಕಳಿಸಬೇಕು, ಉಳಿದವರು ತಮ್ಮ ತಮ್ಮ ಖಾತೆಯಿಂದ ಅದನ್ನು ಒಪ್ಪಬೇಕು. ಹಂಚಿಕೆಯಾಗುವುದು ಚಂದಾ ಮಾತ್ರ. ಖಾತೆ, ಭಾಷೆ, ಪ್ರಗತಿ ಎಲ್ಲ ಅವರವರದೇ. ಮೊದಲು ನಾನೂ ಮಗಳೂ ಒಂದೇ ಖಾತೆ ಬಳಸಿ ನೋಡಿದ್ದೆವು, ನಾನು ತಪ್ಪು ಮಾಡಿದ ಪದಗಳು ಅವಳ ಪುನರಾವರ್ತನೆಗೆ ಬಂದು ಕೂರುತ್ತಿದ್ದವು.

ಲಿಂಕ್ ಕಳಿಸಿದ ಸಂಜೆ ಮಗಳು ಅಳುಮುಖ ಮಾಡಿಕೊಂಡು ಬಂದಳು. “ಅಮ್ಮಾ, ನನ್ನ ಸ್ಪ್ಯಾನಿಷ್ ಎಲ್ಲಾ ಹೋಯ್ತು. ಮತ್ತೆ ಒಂದನೇ ಪಾಠದಿಂದ ತೋರಿಸ್ತಿದೆ.”

ಏನೂ ಹೋಗಿರಲಿಲ್ಲ. ಲಿಂಕ್ ವಾಟ್ಸಾಪ್‌ನಿಂದ ಬ್ರೌಸರ್‌ನಲ್ಲಿ ತೆರೆದುಕೊಂಡಿದೆ, ಅಲ್ಲಿ ಅವಳು ಲಾಗಿನ್ ಆಗಿರಲಿಲ್ಲ, ಕೇಳಿದ್ದಕ್ಕೆಲ್ಲ ಸರಿ ಅಂತ ಒತ್ತಿದ್ದಾಳೆ, ಹೊಸ ಖಾತೆ ಹುಟ್ಟಿ ಅದೇ ಪ್ಲಾನ್‌ಗೆ ಸೇರಿದೆ. ಪ್ರೊಫೈಲ್ ಪುಟದಲ್ಲಿ ಸೇರಿದ ದಿನಾಂಕ ಆವತ್ತಿನದೇ ಇದ್ದದ್ದು ನೋಡಿ ಗೊತ್ತಾಯಿತು. ಆ ಖಾಲಿ ಖಾತೆಯನ್ನು ಪ್ಲಾನ್‌ನಿಂದ ತೆಗೆದೆ, ಅವಳು ಹಳೇ ಖಾತೆಗೆ ಲಾಗಿನ್ ಆದಳು, ಲಿಂಕ್ ಮತ್ತೆ ಕಳಿಸಿದೆ. ತಮ್ಮನಿಗೆ ಕಳಿಸುವಾಗ ಫೋನ್ ಮಾಡಿ, “ಮೊದಲು ಆಪ್ ತೆರೆದು ನಿನ್ನ ಹೆಸರೇ ಕಾಣ್ತಿದೆಯಾ ನೋಡೋ, ಆಮೇಲೆ ಲಿಂಕ್ ಒತ್ತು” ಅಂದೆ.

ಅವನ ವಿಷಯದಲ್ಲಿ ನಾನು ಮರೆತದ್ದು ಅವನ ಹಳೇ ಚಂದಾ. ಫ್ಯಾಮಿಲಿ ಪ್ಲಾನ್‌ಗೆ ಸೇರಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ, ಆಪ್ ಅಳಿಸಿದರೂ ನಿಲ್ಲುವುದಿಲ್ಲ. ಯಾವ ಸ್ಟೋರ್‌ನಲ್ಲಿ ಕೊಂಡಿದ್ದೆವೋ ಅಲ್ಲಿನ ಸಬ್‌ಸ್ಕ್ರಿಪ್ಶನ್ ಪುಟಕ್ಕೆ ಹೋಗಿ ರದ್ದು ಮಾಡಬೇಕು. ಹನ್ನೊಂದು ದಿನ ಕಳೆದ ಮೇಲೆ ಅವನ ಕಾರ್ಡ್‌ನಿಂದ ಒಂದು ವರ್ಷದ ದುಡ್ಡು ಮತ್ತೆ ಕಡಿತವಾಯಿತು. ಮರುಪಾವತಿಗೆ ಕೂಡಲೇ ಅರ್ಜಿ ಹಾಕಿದ್ದರಿಂದ ವಾಪಸ್ ಬಂತು.

ಈಗ ಮತ್ತೆ ನವೀಕರಣ ಹತ್ತಿರ ಬಂದಿದೆ. ನಾನು ಕಟ್ಟುವುದು ನಿಲ್ಲಿಸಿದರೆ ನಾಲ್ವರೂ ಒಟ್ಟಿಗೆ ಉಚಿತ ಮಟ್ಟಕ್ಕೆ ಇಳಿಯುತ್ತೇವೆ. ಪ್ರಗತಿ ಉಳಿಯುತ್ತದೆ, ಆಫ್‌ಲೈನ್ ಪಾಠ ಮುಚ್ಚಿಕೊಳ್ಳುತ್ತದೆ, ಹೃದಯ ಮತ್ತೆ ಐದಾಗುತ್ತದೆ. ತಮ್ಮ ಎರಡು ತಿಂಗಳಿಂದ ಆಪ್ ಮುಟ್ಟಿಲ್ಲ. ಈ ವಾರ ಮತ್ತೆ ಪುಸ್ತಕ ತೆಗೆದು ಲೆಕ್ಕ ಬರೆಯುತ್ತಿದ್ದೇನೆ, ಈ ಸಲ ಮನೆಯವರೆಲ್ಲರದ್ದೂ.