ಸುಮ್ಮನೆ ಕೂರದ ಕಪ್ಪು ನಾಯಿಗೆ ಬಾಗಿಲ ಬೆಳಕು: ನನ್ನ ಅನುಭವ

ಸಾಕುಪ್ರಾಣಿಗಳ ಫೋಟೊದಲ್ಲಿ ಹೆಚ್ಚು ಸತಾಯಿಸುವುದು ಎಳೆಯ ಪ್ರಾಯದ ಕಪ್ಪು ಲ್ಯಾಬ್ರಡಾರ್. ನಿಂತಲ್ಲಿ ನಿಲ್ಲುವುದಿಲ್ಲ, ಮೈಬಣ್ಣ ಬೆಳಕನ್ನೆಲ್ಲ ನುಂಗುತ್ತದೆ, ಮುಖದಲ್ಲಿ ಕಣ್ಣೆಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ. ಹಾಗಾಗಿ ಕ್ಯಾಮೆರಾ ಹಿಡಿದು ಅದರ ಹಿಂದೆ ಓಡುವ ಕೆಲಸವನ್ನು ನಾನು ಮಾಡುವುದೇ ಇಲ್ಲ. ಬೆಳಕಿರುವ ಜಾಗವನ್ನು ಮೊದಲು ಸಿದ್ಧ ಮಾಡಿ, ನಾಯಿ ಅಲ್ಲಿಗೆ ಬರುವವರೆಗೆ ಕಾಯುತ್ತೇನೆ.

ಮನೆಯೊಳಗೆ ಆ ಜಾಗ ಸಾಮಾನ್ಯವಾಗಿ ಮುಂಬಾಗಿಲು. ಬಿಸಿಲು ನೇರವಾಗಿ ಒಳಗೆ ಬೀಳದ, ಆದರೆ ಹೊರಗೆ ಚೆನ್ನಾಗಿ ಬೆಳಕಿರುವ ಹೊತ್ತು ನೋಡಿಕೊಳ್ಳುತ್ತೇನೆ. ಗೇಟಿನ ಚಿಲಕ ಹಾಕಿ, ಬಾಗಿಲನ್ನು ಪೂರ್ತಿ ತೆರೆದು, ಹೊಸ್ತಿಲಿನಿಂದ ಸುಮಾರು ಒಂದೂವರೆ ಮೀಟರ್ ಒಳಗೆ ಚಾಪೆ ಹಾಸುತ್ತೇನೆ. ನಯವಾದ ನೆಲದಲ್ಲಿ ನಾಯಿಯ ಕಾಲು ಜಾರುತ್ತದೆ, ಚಾಪೆಯಿದ್ದರೆ ನಿಲ್ಲಲು ಹಿಡಿತ ಸಿಗುತ್ತದೆ. ರೆಡ್ ಆಕ್ಸೈಡ್ ನೆಲವಾದರೆ ಇನ್ನೊಂದು ಲಾಭವೂ ಇದೆ. ಬಿಳಿ ನಾಯಿಯ ಗದ್ದದಡಿ ಬೀಳುವ ಕೆಂಪು ಛಾಯೆಯನ್ನು ಚಾಪೆ ತಡೆಯುತ್ತದೆ. ಟ್ಯೂಬ್‌ಲೈಟ್ ಆರಿಸಲೇಬೇಕು. ಹೊರಗಿನ ಬೆಳಕಿನ ಜೊತೆ ಅದು ಸೇರಿದರೆ ಕೂದಲಿನ ಒಂದು ಬದಿಗೆ ಬೇರೆಯೇ ಬಣ್ಣ ಬರುತ್ತದೆ. ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಮಿನುಗುವ ದೀಪಗಳ ಕೆಳಗೆ ವೇಗದ ಶಟರ್ ಬಳಸಿದರೆ ಚಿತ್ರದಲ್ಲಿ ಪಟ್ಟೆಗಳೂ ಮೂಡಬಹುದು. ಫ್ಲ್ಯಾಶ್ ಬೇಡವೇ ಬೇಡ. ಕಣ್ಣಿನ ಹಿಂಪೊರೆ ಬೆಳಕನ್ನು ತಿರುಗಿಸಿ ಕಳಿಸುವುದರಿಂದ ಕಣ್ಣು ಹಸಿರಾಗಿ ಹೊಳೆಯುತ್ತದೆ.

ನಾನು ಗೇಟಿನ ಕಡೆ ಕಾಲು ಚಾಚಿ, ಮೈ ಜಗಲಿಯ ಮೇಲೆ, ಮೊಣಕೈ ಹೊಸ್ತಿಲ ಹತ್ತಿರ ಬರುವಂತೆ ಬೋರಲು ಮಲಗುತ್ತೇನೆ. ಮಂಡಿಯೂರಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಮಲಗಿದ ನಾಯಿಯ ಕಣ್ಣು ನೆಲದಿಂದ ಒಂದು ಅಡಿಯ ಆಸುಪಾಸಿನಲ್ಲಿರುತ್ತದೆ, ಮಂಡಿಯೂರಿದವರ ಕ್ಯಾಮೆರಾ ಮೂರು ಅಡಿ ಎತ್ತರದಲ್ಲಿರುತ್ತದೆ. ಮೇಲಿನಿಂದ ತೆಗೆದರೆ ತಲೆ ದೊಡ್ಡದಾಗಿ, ಕಾಲು ಗಿಡ್ಡವಾಗಿ ಕಾಣುತ್ತದೆ, ಹಿನ್ನೆಲೆಯಲ್ಲಿ ಬರೀ ನೆಲ ಬರುತ್ತದೆ. ಮಲಗಿ ತೆಗೆದರೆ ಹಿನ್ನೆಲೆ ದೂರದ ಗೋಡೆಯಾಗಿ ಮಸುಕಾಗುತ್ತದೆ. ಇಷ್ಟಲ್ಲದೆ, ಬಾಗಿಲಲ್ಲಿ ನಿಂತವರು ಅದೇ ಬಾಗಿಲಿನ ಬೆಳಕಿಗೆ ಅಡ್ಡವಾಗುತ್ತಾರೆ, ಮಲಗಿದವರು ಆಗುವುದಿಲ್ಲ. ನಾಯಿ ಕೂತರೆ ಮೊಣಕೈ ಮೇಲೆ ಏಳಬೇಕು. ಲೆನ್ಸ್ ಅದರ ಕಣ್ಣಿನ ಜೊತೆಗೇ ಮೇಲೆ ಕೆಳಗೆ ಹೋಗುತ್ತಿರಬೇಕು.

ಮನುಷ್ಯ ನೆಲಕ್ಕೆ ಬಿದ್ದರೆ ಆಟಕ್ಕೆ ಕರೆದ ಹಾಗೆ ಎಂದು ನಾಯಿ ತಿಳಿಯುತ್ತದೆ, ಬಂದು ಲೆನ್ಸ್ ನೆಕ್ಕುತ್ತದೆ. ಅದನ್ನು ಗದರಬಾರದು. ಮೂಸಲಿ, ನೆಕ್ಕಲಿ. ಶಟರ್ ಸದ್ದನ್ನೂ ಆಗಲೇ ಕೇಳಿಸಿ ರೂಢಿ ಮಾಡುತ್ತೇನೆ. ಹತ್ತು ಹದಿನೈದು ನಿಮಿಷದಲ್ಲಿ ಸಾಮಾನ್ಯವಾಗಿ ಅದಕ್ಕೆ ಬೇಜಾರು ಬಂದು ಚಾಪೆಯ ಕಡೆ ಹೋಗುತ್ತದೆ. ಮನೆಯವರು ಅಲ್ಲಿ ಒಂದು ಚೂರು ತಿಂಡಿ ಇಟ್ಟಿರುತ್ತಾರೆ. ತಿಂಡಿ ನನ್ನ ಕೈಯಲ್ಲಿದ್ದರೆ ನಾಯಿ ನನ್ನ ಬಳಿಯೇ ಉಳಿಯುತ್ತದೆ. ವಿಚಿತ್ರ ಸದ್ದು ಮಾಡಿದರೆ ಕಿವಿ ನಿಮಿರಿಸಿ ತಲೆ ಓರೆ ಮಾಡುತ್ತದೆ ನಿಜ, ಆದರೆ ಅದು ಎರಡು ಮೂರು ಸಲಕ್ಕೆ ಮಾತ್ರ. ಆಮೇಲೆ ಕೇಳಿಸಿದರೂ ತಿರುಗುವುದಿಲ್ಲ. ಹಾಗಾಗಿ ಚೌಕಟ್ಟು, ಫೋಕಸ್ ಎಲ್ಲ ಹೊಂದಿಸಿಕೊಂಡ ಮೇಲೆಯೇ ಸದ್ದು.

ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ ಒಂದೂವರೆ ಮೀಟರ್ ದೂರದಿಂದ f/1.8 ಅಪರ್ಚರ್‌ನಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ಲ್ಯಾಬ್‌ನ ಮೂಗಿನಿಂದ ಕಣ್ಣಿಗೆ ಅದಕ್ಕಿಂತ ಹೆಚ್ಚು ಅಂತರ. f/4 ಇಟ್ಟರೆ ಆಳ 13 ಸೆಂಟಿಮೀಟರಿನಷ್ಟಾಗಿ ಎರಡೂ ಹೆಚ್ಚುಕಡಿಮೆ ಸಿಗುತ್ತವೆ. ಶಟರ್ ವೇಗ ತಲೆ ತಿರುಗಿಸುವ ನಾಯಿಗೆ 1/500 ಸೆಕೆಂಡ್, ಓಡಿಬರುವುದಕ್ಕೆ 1/1000. ಇಷ್ಟಕ್ಕೆ ಐಎಸ್‌ಒ 3200 ದಾಟುವುದುಂಟು, ದಾಟಲಿ. ಕಾಳು ಕಾಳಾದ ಚಿತ್ರವನ್ನು ಆಮೇಲೆ ಸರಿಪಡಿಸಬಹುದು, ಅಲುಗಿದ ಕಣ್ಣನ್ನು ಸರಿಪಡಿಸಲಾಗದು. ಕಪ್ಪು ಮುಖದಲ್ಲಿ ಕಣ್ಣು ಹುಡುಕುವ ಫೋಕಸ್ ತಪ್ಪಿದರೆ ಒಂದೇ ಬಿಂದುವನ್ನು ಕಣ್ಣಿನ ಮೇಲಿಟ್ಟು, ನಿರಂತರ ಫೋಕಸ್‌ನಲ್ಲಿ ನಾಲ್ಕೈದು ಫ್ರೇಮ್‌ಗಳ ಸಣ್ಣ ಬರ್ಸ್ಟ್ ತೆಗೆಯುತ್ತೇನೆ.

ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಕಪ್ಪನ್ನು ಬೂದಿಬಣ್ಣ ಮಾಡಲು ನೋಡುತ್ತದೆ. ಚೌಕಟ್ಟಿನ ತುಂಬ ನಾಯಿಯೇ ಇದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್ −0.7 ಇಡುತ್ತೇನೆ. ಕೂದಲು ಬೂದಿಯಂತೆ ಕಂಡರೆ ಇನ್ನೂ ಇಳಿಸಬೇಕು. ಇದಕ್ಕಿಂತ ಮುಖ್ಯವಾಗಿ ಪರದೆಯಲ್ಲಿ ಹಿಗ್ಗಿಸಿ ಕಣ್ಣು ನೋಡುತ್ತೇನೆ. ಅದರೊಳಗೆ ಬಾಗಿಲಿನ ಬಿಳಿ ಚೌಕ ಮೂಡಿರಬೇಕು. ಮೂಡಿಲ್ಲವೆಂದರೆ ನಾಯಿ ತೀರಾ ಒಳಗಿದೆ ಅಥವಾ ಮುಖ ಕೆಳಗೆ ಮಾಡಿದೆ. ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ, ಚಾಪೆಯನ್ನು ಹೊಸ್ತಿಲ ಕಡೆ ಎಳೆಯಬೇಕು.

ಮೊಬೈಲಿನಲ್ಲಾದರೂ ಇದೇ ಕ್ರಮ. ಮುಖದ ಹತ್ತಿರ ಹೋದರೆ ಮೂಗು ಉಬ್ಬಿ ಕಾಣುವುದರಿಂದ ದೂರವಿದ್ದು 2x ಬಳಸಿ.

ನಿದ್ದೆಯ ಹೊತ್ತಲ್ಲದೆ ಆಕಳಿಸುವುದು, ತಿಂಡಿಯಿಲ್ಲದೆ ಮೂತಿ ನೆಕ್ಕುವುದು, ಮುಖ ಹೊರಳಿಸಿ ಕಣ್ಣಿನ ಬಿಳಿ ತೋರುವುದು ಶುರುವಾದರೆ ನಾಯಿಗೆ ಸಾಕಾಗಿದೆ ಎಂದು ತಿಳಿಯಬೇಕು. ಆಗ ತೆಗೆದ ಚಿತ್ರಗಳಲ್ಲಿ ಕಿವಿ ಹಿಂದಕ್ಕೆ ಅಂಟಿಕೊಂಡೇ ಇರುತ್ತದೆ. ಉಳಿದದ್ದನ್ನು ಇನ್ನೊಂದು ದಿನ, ಅದೇ ಬೆಳಕಿನ ಹೊತ್ತಿಗೆ ತೆಗೆಯುತ್ತೇನೆ.