ಮನೆ ಖಾಲಿ ಮಾಡಿದಿರಿ, ಅಡ್ವಾನ್ಸ್ ಎಲ್ಲಿ?

ಸಾಮಾನು ಲಾರಿಗೆ ಏರಿದೆ, ಓನರ್ ಖಾಲಿ ಮನೆಯಲ್ಲೊಮ್ಮೆ ಸುತ್ತು ಹಾಕಿ ಬಂದು, 'ಪೇಂಟಿಂಗಿಗೆ, ರಿಪೇರಿಗೆ ಮುರಿದುಕೊಂಡು ಉಳಿದದ್ದು ಹಾಕ್ತೀನಿ' ಅನ್ನುತ್ತಾರೆ. ಎಷ್ಟು ಮುರಿದುಕೊಳ್ಳುತ್ತಾರೆ, ಯಾವಾಗ ಹಾಕುತ್ತಾರೆ ಎಂದು ಆ ಗಡಿಬಿಡಿಯಲ್ಲಿ ಯಾರೂ ಕೇಳುವುದಿಲ್ಲ. ತಿಂಗಳ ನಂತರ ಬ್ಯಾಂಕಿಗೆ ಬಿದ್ದ ಮೊತ್ತ ನೋಡಿದಾಗಲೇ ತಲೆ ಬಿಸಿಯಾಗುವುದು.

ಬೆಂಗಳೂರಿನ ಮಾತು ಹೇಳುತ್ತಿದ್ದೇನೆ. ಇಲ್ಲಿ ಐದಾರು ತಿಂಗಳ ಬಾಡಿಗೆಯಷ್ಟು, ಕೆಲವೆಡೆ ಹತ್ತು ತಿಂಗಳಷ್ಟು ಅಡ್ವಾನ್ಸ್ ಕೇಳುವುದು ರೂಢಿ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಪಡೆಯಬಾರದು ಎನ್ನುವ ಮಾದರಿ ಬಾಡಿಗೆ ಕಾಯ್ದೆಯನ್ನು ಕೇಂದ್ರ 2021ರಲ್ಲಿ ಸಿದ್ಧಪಡಿಸಿತು. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ಅದನ್ನು ತೋರಿಸಿ ಇಲ್ಲಿನ ಓನರನ್ನು ಕಟ್ಟಿಹಾಕಲಾಗದು. ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆಯಲ್ಲ ಎನ್ನಬಹುದು. ಅದು ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ ಬಾಡಿಗೆಯ ಮನೆಗಳಿಗಷ್ಟೇ ಅನ್ವಯ. ಆ ಬಾಡಿಗೆಗೆ ಈಗ ಒಂದು ಕೋಣೆಯೂ ಸಿಗುವುದು ಕಷ್ಟ. ಹಾಗಾಗಿ ಬಹುತೇಕರ ಜಗಳ ತೀರ್ಮಾನವಾಗುವುದು ಮೂರರ ಮೇಲೆ: ನಿಮ್ಮ ಕರಾರು ಪತ್ರ, 1882ರ ಸ್ವತ್ತು ವರ್ಗಾವಣೆ ಕಾಯ್ದೆ, 1872ರ ಕರಾರು ಕಾಯ್ದೆ.

ಹಳೆಯವಾದರೂ ಇವೆರಡು ಕಾಯ್ದೆ ಬಾಡಿಗೆದಾರನಿಗೆ ಸಾಕಷ್ಟು ಬಲ ಕೊಡುತ್ತವೆ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಮನೆ ಕೈಗೆ ಬಂದಾಗ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಆದರೆ ಸಹಜ ಬಳಕೆಯಿಂದಾದ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ನಾಲ್ಕು ವರ್ಷದಲ್ಲಿ ಗೋಡೆಯ ಬಣ್ಣ ಮಾಸುವುದು, ನಲ್ಲಿಯ ವಾಷರ್ ಸವೆಯುವುದು, ಮಳೆಗೆ ಬಾಗಿಲು ಉಬ್ಬುವುದು ಸವೆತ. ಕುಟ್ಟಾಣಿ ಬಿದ್ದು ಟೈಲ್ಸ್ ಒಡೆಯುವುದು, ಕಿಟಕಿ ಗಾಜು ಪುಡಿಯಾಗುವುದು, ಕೇಳದೆ ಗೋಡೆ ಕೊರೆದು ಎಸಿ ಕೂರಿಸುವುದು ಹಾನಿ. ಮೊದಲನೆಯದು ಓನರ್ ಲೆಕ್ಕ, ಎರಡನೆಯದು ನಿಮ್ಮದು. ಕ್ಯಾಲೆಂಡರ್ ಮೊಳೆಯ ಒಂದೆರಡು ತೂತಿನ ಬಗ್ಗೆ ಜಗಳ ಆಗಿಯೇ ಆಗುತ್ತದೆ. ಇಪ್ಪತ್ತು ತೂತಿದ್ದರೆ ಹಾನಿ ಎಂದೇ ಒಪ್ಪಿಕೊಳ್ಳಿ.

ಒಂದು ಮನೆಯ ಲೆಕ್ಕ

ಉದಾಹರಣೆಗೆಂದು ಎರಡು ಬೆಡ್‌ರೂಮಿನ ಒಂದು ಮನೆ ಇಟ್ಟುಕೊಳ್ಳೋಣ. ಬಾಡಿಗೆ 22,000, ಅಡ್ವಾನ್ಸ್ 1,50,000. ಮೂರೂವರೆ ವರ್ಷ ಇದ್ದು ಖಾಲಿ ಮಾಡಿದ ಮೇಲೆ ಓನರ್ ವಾಟ್ಸ್ಆ್ಯಪಿನಲ್ಲಿ ಚೀಟಿ ಕಳಿಸುತ್ತಾರೆ: ಪೇಂಟಿಂಗ್ 35,000, ಅಡುಗೆಮನೆ ಗ್ರಾನೈಟ್ 12,000, ಗೀಸರ್ 9,500, ಕರೆಂಟು ಮತ್ತು ನೀರು 3,200, ಕ್ಲೀನಿಂಗ್ 5,000, ನೋಟಿಸ್ ಕಡಿಮೆ ಕೊಟ್ಟದ್ದಕ್ಕೆ 11,000. ಒಟ್ಟು 75,700. ಅಂದರೆ ಅರ್ಧಕ್ಕಿಂತ ಹೆಚ್ಚು ಹೋಯಿತು.

ಒಂದೊಂದಾಗಿ ನೋಡೋಣ. ಪೇಂಟಿಂಗ್ ಮೊದಲು. 'ಖಾಲಿ ಮಾಡುವಾಗ ಸುಣ್ಣ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳತಕ್ಕದ್ದು' ಎಂದು ಕರಾರಿನಲ್ಲಿ ಬರೆದಿದ್ದರೆ, ನೀವು ಸಹಿ ಹಾಕಿ ಒಪ್ಪಿದ್ದೀರಿ. ಬಣ್ಣ ಚೆನ್ನಾಗಿಯೇ ಇತ್ತು ಎಂಬ ವಾದ ಅಲ್ಲಿ ಅಷ್ಟು ನಡೆಯದು. ಆದರೆ ಅದೇ ಸಾಲು ಓನರನ್ನೂ ಕಟ್ಟಿಹಾಕುತ್ತದೆ. ಪೇಂಟರ್ 35,000 ತೆಗೆದುಕೊಂಡರೂ ನಿಮ್ಮಿಂದ ಮುರಿಯಬಹುದಾದದ್ದು 22,000 ಮಾತ್ರ. ಪೇಂಟಿಂಗ್ ಹಣ ಪಡೆದು, 'ಮಕ್ಕಳು ಗೋಡೆ ಗೀಚಿದ್ದಾರೆ' ಎಂದು ಇನ್ನೊಂದು ಬಾಬ್ತು ಸೇರಿಸುವಂತಿಲ್ಲ, ಏಕೆಂದರೆ ಹೊಸ ಬಣ್ಣ ಆ ಗೀಚನ್ನೂ ಮುಚ್ಚುತ್ತದೆ. ಕರಾರಿನಲ್ಲಿ ಬಣ್ಣದ ಮಾತೇ ಇಲ್ಲದಿದ್ದರೆ 'ಬೆಂಗಳೂರಲ್ಲಿ ಎಲ್ಲರೂ ಮುರ್ಕೋತಾರೆ' ಎನ್ನುವುದು ಕಾನೂನಲ್ಲ.

ಗ್ರಾನೈಟಿನ ಅಂಚು ಒಡೆದದ್ದು ನಿಮ್ಮ ಕುಕ್ಕರ್ ಬಿದ್ದು. ಅದು ಹಾನಿ, ಕೊಡಲೇಬೇಕು. ಎಷ್ಟು ಎಂಬುದೇ ಪ್ರಶ್ನೆ. ಕರಾರು ಕಾಯ್ದೆಯ 73ನೇ ಕಲಮು ಹೇಳುವುದು ನಿಜವಾಗಿ ಆದ ನಷ್ಟದ ಮಾತು. ಮೇಸ್ತ್ರಿ ತುಂಡು ಕೂರಿಸಿ 4,500ಕ್ಕೆ ಬಿಲ್ ಕೊಟ್ಟಿದ್ದರೆ ನಿಮ್ಮ ಪಾಲು 4,500. ಪೂರ್ತಿ ಸ್ಲ್ಯಾಬ್ ಬದಲಿಸಲು ಅಂದಾಜು ಪಟ್ಟಿ ತರಿಸಿ, ಬದಲಿಸದೆ ಹಣ ಮಾತ್ರ ಇಟ್ಟುಕೊಳ್ಳುವವರೂ ಇದ್ದಾರೆ. ಅಂದಾಜು ಪಟ್ಟಿ ಬಿಲ್ ಅಲ್ಲ. ಗೀಸರ್ ಏಳು ವರ್ಷದ್ದು, ಗಡಸು ನೀರಿಗೆ ಕಾಯಿಲ್ ಹೋಗಿದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಮಾಮೂಲು, ಸವೆತದ ಲೆಕ್ಕಕ್ಕೆ ಸೇರುತ್ತದೆ. ಸೊನ್ನೆ. ಕರೆಂಟು, ನೀರಿನ ಬಾಕಿ ನ್ಯಾಯವಾದದ್ದು, ಮೀಟರ್ ರೀಡಿಂಗ್ ತಾಳೆಯಾದರೆ ಪೂರ್ತಿ 3,200. ಒಂದೇ ಎಚ್ಚರಿಕೆ: ಬೆಸ್ಕಾಂ ಬಿಲ್ಲಿನಲ್ಲಿ ಕೆಲವೊಮ್ಮೆ ಹೆಚ್ಚುವರಿ ಭದ್ರತಾ ಠೇವಣಿ ಸೇರಿರುತ್ತದೆ. ಅದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ ಜಮೆಯಾಗುವ ಹಣ, ನೀವು ಉರಿಸಿದ ಕರೆಂಟಲ್ಲ. ಕ್ಲೀನಿಂಗ್ ವಿಷಯ: ಗುಡಿಸಿ ಒರೆಸಿ ಕೊಟ್ಟಿದ್ದೀರಿ, ಕರಾರಿನಲ್ಲಿ ಈ ಮಾತಿಲ್ಲ, ಪೇಂಟಿಂಗಿನ ಮೇಲೆ ಹೇಗೂ ಮತ್ತೆ ತೊಳೆಯಬೇಕು. ಸೊನ್ನೆ.

ಉಳಿದದ್ದು ನೋಟಿಸ್. ಎಲ್ಲಕ್ಕಿಂತ ಹೆಚ್ಚು ವಾದಕ್ಕೆಡೆಯಿರುವ ಬಾಬ್ತು ಇದೇ. ಕರಾರಿನಲ್ಲಿ 60 ದಿನ, ನೀವು ಕೊಟ್ಟದ್ದು 45. ಓನರ್ 15 ದಿನದ ಬಾಡಿಗೆ 11,000 ಮುರಿದಿದ್ದಾರೆ. ಆದರೆ ನೀವು ಬಿಟ್ಟ ಆರನೇ ದಿನ ಕಳೆದ ಮೇಲೆ ಹೊಸಬರು ಬಂದು ಬಾಡಿಗೆ ಶುರುವಾಯಿತು. ಕರಾರು ಕಾಯ್ದೆಯ 74ನೇ ಕಲಮಿನಲ್ಲಿ, ಕರಾರು ಮುರಿದರೆ ಇಷ್ಟು ಕೊಡಬೇಕೆಂದು ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಸಿಗುವುದು ಸಮಂಜಸ ಪರಿಹಾರ. ನಷ್ಟವೇ ಆಗದಿದ್ದರೆ ಈ ಕಲಮಿನಡಿ ಪರಿಹಾರವಿಲ್ಲ ಎಂದು ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆ ಲೆಕ್ಕದಲ್ಲಿ ಮನೆ ಖಾಲಿ ಬಿದ್ದ ಆರು ದಿನಕ್ಕೆ 4,400 ನ್ಯಾಯ. ಓನರ್ ಕಡೆಯವರು ಇದು ದಂಡವಲ್ಲ, ನೋಟಿಸ್ ಅವಧಿಯ ಬಾಡಿಗೆಯೇ ಎಂದು ವಾದಿಸುತ್ತಾರೆ. ರಾಜಿ ಮಾಡಿಕೊಳ್ಳುವುದಾದರೆ ಇಲ್ಲೇ ಸ್ವಲ್ಪ ಬಿಟ್ಟುಕೊಡಿ ಎಂಬುದು ನನ್ನ ಸಲಹೆ.

ಈಗ ಕೂಡಿಸಿ: 22,000, 4,500, 3,200, 4,400. ಒಟ್ಟು 34,100. ಓನರ್ ಹೆಚ್ಚಾಗಿ ಇಟ್ಟುಕೊಂಡದ್ದು 41,600. ಕೇಳಬೇಕಾದದ್ದು ಇಷ್ಟು. 'ಪೂರ್ತಿ ಅಡ್ವಾನ್ಸ್ ಕೊಡಿ' ಎಂದು ಹೊರಟರೆ ಮೊದಲ ಮಾತಿಗೇ ನಿಮ್ಮ ಕೇಸು ಸಡಿಲವಾಗುತ್ತದೆ.

ಕೀಲಿ ಕೊಡುವ ದಿನ

ಅರ್ಧ ಕೇಸು ಗೆಲ್ಲುವುದು ಅಥವಾ ಸೋಲುವುದು ಈ ದಿನ. ಸಾಮಾನು ಸಾಗಿಸಿದ ಮೇಲೆ, ಕೀಲಿ ಕೊಡುವ ಮೊದಲು, ಮನೆಯ ಪ್ರತಿ ಕೋಣೆಯನ್ನೂ ನಿಧಾನವಾಗಿ ವಿಡಿಯೊ ಮಾಡಿ. ಗೋಡೆ, ಸಿಂಕಿನ ಕೆಳಗೆ, ಬಚ್ಚಲಿನ ನಲ್ಲಿ ತಿರುಗಿಸಿ ನೀರು ಬರುವುದು, ಸ್ವಿಚ್ ಹಾಕಿ ದೀಪ ಉರಿಯುವುದು, ಕೊನೆಗೆ ಕರೆಂಟು ಮೀಟರಿನ ಅಂಕಿ. ಸೇರಿದ ದಿನದ ವಿಡಿಯೊ ಇದ್ದರೆ ಇದರ ಬೆಲೆ ಇಮ್ಮಡಿ. ವಿಡಿಯೊ ತೆಗೆದ ಫೋನನ್ನು ಮಾರಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯ ಪ್ರತಿಯ ಜೊತೆ ಕೋರ್ಟಿಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಆಮೇಲೆ ಓನರ್ ಜೊತೆಗೇ ಮನೆ ಸುತ್ತಿ, ಏನೇನು ಮುರಿದುಕೊಳ್ಳುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ಸಹಿ ಹಾಕದಿದ್ದರೆ ಅಲ್ಲೇ ನಿಂತು ವಾಟ್ಸ್ಆ್ಯಪ್ ಮಾಡಿ: 'ಸಾರ್, ಇವತ್ತು ಸಂಜೆ 5 ಗಂಟೆಗೆ ಮೂರೂ ಕೀಲಿ ನಿಮ್ಮ ಕೈಗೆ ಕೊಟ್ಟಿದ್ದೇನೆ. ಗ್ರಾನೈಟ್ ಅಂಚು ಬಿಟ್ಟು ಬೇರೆ ಹಾನಿ ಇಲ್ಲ. ಅಡ್ವಾನ್ಸ್ ಯಾವಾಗ ಹಾಕುತ್ತೀರಿ?' ಅವರು 'ಓಕೆ' ಎಂದರೂ ಸಾಕು, ಅದು ದಾಖಲೆ.

ಹಣ ಬರುವ ತನಕ ಕೀಲಿ ಕೊಡುವುದೇ ಇಲ್ಲ ಎಂದು ಹಟ ಹಿಡಿಯುವವರಿದ್ದಾರೆ. ಹಣ, ಕೀಲಿ ಎರಡೂ ಒಂದೇ ಹೊತ್ತಿಗೆ ಕೈ ಬದಲಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ತಿಂಗಳುಗಟ್ಟಲೆ ಕೀಲಿ ಹಿಡಿದು ಕೂತರೆ ಓನರ್ ಅಷ್ಟೂ ದಿನದ ಬಾಡಿಗೆ ಕೇಳುತ್ತಾರೆ, ಕೇಳಲು ಅವರಿಗೆ ಕಾರಣವೂ ಸಿಕ್ಕಂತಾಗುತ್ತದೆ.

ಕೊಡದಿದ್ದರೆ

ಮೊದಲ ಕೆಲಸ ಪ್ರತಿ ಬಾಬ್ತಿಗೂ ಬಿಲ್ ಕೇಳುವುದು, ಬರವಣಿಗೆಯಲ್ಲಿ. ಫೋನಿನಲ್ಲಿ ಜಗಳವಾಡಿದರೆ ಕೈಯಲ್ಲಿ ಏನೂ ಉಳಿಯದು. ಬಿಲ್ ಬರದಿದ್ದರೆ ನೋಟಿಸ್ ಕಳಿಸಿ. ವಕೀಲರಿಂದಲೇ ಆಗಬೇಕೆಂದಿಲ್ಲ, ಆದರೆ ಅವರ ಲೆಟರ್‌ಹೆಡ್ಡಿಗೆ ತೂಕ ಹೆಚ್ಚು. ಕರಾರಿನ ತಾರೀಕು, ಕೊಟ್ಟ ಅಡ್ವಾನ್ಸ್, ಕೀಲಿ ಒಪ್ಪಿಸಿದ ದಿನ, ಒಪ್ಪುವ ಕಡಿತ 34,100, ಒಪ್ಪದ ಕಡಿತ ಮತ್ತು ಕಾರಣ, 15 ದಿನದೊಳಗೆ 41,600 ಹಾಕಬೇಕೆಂಬ ಬೇಡಿಕೆ, ಇಷ್ಟಿದ್ದರೆ ಸಾಕು. ಹಲವರು ಮರೆಯುವ ಒಂದು ಸಾಲನ್ನು ಖಂಡಿತ ಸೇರಿಸಿ: 'ತಪ್ಪಿದರೆ ಈ ನೋಟಿಸಿನ ದಿನದಿಂದ ಬಡ್ಡಿ ಕೇಳುತ್ತೇನೆ.' 1978ರ ಬಡ್ಡಿ ಕಾಯ್ದೆಯಡಿ ಹೀಗೆ ಬರೆದು ಕೇಳಿದ ದಿನದಿಂದ ಬಡ್ಡಿ ಕೊಡಿಸಲು ಕೋರ್ಟಿಗೆ ಅವಕಾಶವಿದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಾಖಲೆ ತೆಗೆದಿಡಿ.

ಪೊಲೀಸ್ ಠಾಣೆಗೆ ಹೋದರೆ 'ಸಿವಿಲ್ ಮ್ಯಾಟರ್' ಎಂದು ವಾಪಸ್ ಕಳಿಸುತ್ತಾರೆ. ಲೆಕ್ಕದ ತಕರಾರಿನ ಮಟ್ಟಿಗೆ ಅವರ ಮಾತು ಸರಿಯೇ.

ನೋಟಿಸಿಗೂ ಬಗ್ಗದಿದ್ದರೆ ನೇರ ಕೋರ್ಟಿಗೆ ಹೋಗುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೇಸು ದಾಖಲಾಗುವ ಮೊದಲೇ ರಾಜಿಗೆ ಕೂರಿಸುವ ವ್ಯವಸ್ಥೆ ಅಲ್ಲಿದೆ, ಕೋರ್ಟ್ ಫೀ ಇಲ್ಲ. ಓನರಿಗೆ ಪತ್ರ ಹೋಗುತ್ತದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ. ಓನರ್ ಬರಲೇ ಇಲ್ಲ ಅಥವಾ ಒಪ್ಪಲಿಲ್ಲ ಎಂದರೆ ಇಲ್ಲಿ ಬಲವಂತ ಮಾಡುವಂತಿಲ್ಲ, ಅದೇ ಇದರ ಮಿತಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರ ಉಚಿತ ನೆರವು ಇಲ್ಲೇ ಸಿಗುತ್ತದೆ. ಸಹಾಯವಾಣಿ 15100.

ಕೊನೆಯದು ಹಣ ವಸೂಲಿ ದಾವೆ. ಹಣ ಕೊಡಬೇಕಾಗಿದ್ದ ದಿನದಿಂದ ಮೂರು ವರ್ಷದೊಳಗೆ ಹೂಡಬೇಕು. ಓನರ್ ಅಮೆರಿಕದಲ್ಲಿದ್ದರೂ ವ್ಯವಹಾರ ನಡೆದದ್ದು ಇಲ್ಲಿಯಾದ್ದರಿಂದ ಬೆಂಗಳೂರಿನಲ್ಲೇ ಹೂಡಬಹುದು. ಇಲ್ಲಿ ಎಡವುವುದು ಛಾಪಾ ಕಾಗದದಲ್ಲಿ. ಕಡಿಮೆ ಮುದ್ರಾಂಕದ ಮೇಲೆ ಬರೆದ ಕರಾರನ್ನು ಕೋರ್ಟ್ ತಡೆಹಿಡಿದು, ಕೊರತೆಯ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲಷ್ಟೇ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ಅಡ್ವಾನ್ಸನ್ನು ನಗದಾಗಿ ಕೊಟ್ಟು ರಸೀದಿ ಪಡೆಯದವರಿಗೆ ಇನ್ನೂ ಕಷ್ಟ. ಕೊಟ್ಟಿದ್ದೇನೆ ಎಂದು ತೋರಿಸುವುದೇ ಒಂದು ಕೇಸಾಗುತ್ತದೆ.

41,600 ರೂಪಾಯಿಗೆ ವರ್ಷಗಟ್ಟಲೆ ಅಲೆಯುವುದೇ ಎಂದರೆ, ಬಹುಮಂದಿ ಅಲೆಯುವುದಿಲ್ಲ, ಓನರಿಗೂ ಅದು ಗೊತ್ತು. ಅದಕ್ಕೇ ನೋಟಿಸ್ ತಲುಪಿದ ವಾರದಲ್ಲಿ 'ಬನ್ನಿ, ಕೂತು ಮಾತಾಡೋಣ' ಎಂದು ಫೋನ್ ಬಂದರೆ ಹೋಗಿ. ಹೋಗುವಾಗ ಬಾಬ್ತುವಾರು ಲೆಕ್ಕದ ಹಾಳೆ ಎರಡು ಪ್ರತಿ ಜೇಬಿನಲ್ಲಿರಲಿ, ಒಂದು ಅವರಿಗೆ.